ಭಾನುವಾರದ ತಲೆನೋವು: ಚಹಾ-ಕಾಫಿ ಇಳಿಸುವ ಲೆಕ್ಕ

ನಾನು ಬಳ್ಳಾರಿಯಲ್ಲಿ ನರ್ಸಿಂಗ್ ಎರಡನೇ ವರ್ಷ. ಕೆಫೀನ್ ಬಗ್ಗೆ ಫಾರ್ಮಕಾಲಜಿಯಲ್ಲಿ ಓದಿದ್ದು ಅರ್ಧ ಪುಟ. ಅದು ಪೂರ್ತಿ ತಲೆಗೆ ಹೋಗಿದ್ದು ಮಾತ್ರ ನನ್ನದೇ ತಲೆನೋವಿನಿಂದ. ಮರೆಯೋ ಮೊದಲು ಬರೆದಿಡ್ತಿದ್ದೇನೆ. ನಿಮ್ಮಲ್ಲೂ ರೂಮಿನಲ್ಲಿ ಕೂತು ಓದುವವರು ಯಾರಾದ್ರೂ ಇದೇ ಗುಂಡಿಗೆ ಬಿದ್ದಿರಬಹುದು.

ನಮ್ಮೂರು ಕುಷ್ಟಗಿ ಹತ್ತಿರ. ಶನಿವಾರ ಸಂಜೆ ಬಸ್ ಹತ್ತಿ ಊರಿಗೆ ಹೋಗ್ತೇನೆ. ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ತಲೆ ಭಾರ ಆಗೋಕೆ ಶುರು. ಎರಡೂ ಕಡೆ ಹಿಂಡಿದ ಹಾಗೆ, ಮೇಲಿಂದ ಮೇಲೆ ಆಕಳಿಕೆ, ಯಾರಾದ್ರೂ ಮಾತಾಡಿಸಿದ್ರೆ ಸಿಟ್ಟು. "ಬಿಸಿಲಾಗ ಅಡ್ಡಾಡ್ತಿ ತಮ್ಮಾ, ಅದಕ್ಕ ತಲಿ ನೋಯ್ತೈತಿ" ಅಂತ ಅವ್ವ. ನಾನೂ ಹಾಗೇ ಅಂದ್ಕೊಂಡಿದ್ದೆ. ಆದರೆ ಸೋಮವಾರ ಬಳ್ಳಾರಿಗೆ ಬಂದು ಸ್ಟ್ಯಾಂಡಿನಲ್ಲಿ ಒಂದು ಚಹಾ, ರೂಮಿನ ಹತ್ತಿರ ಇನ್ನೊಂದು ಕುಡಿದ್ರೆ ಮುಕ್ಕಾಲು ಗಂಟೆಯಲ್ಲಿ ತಲೆನೋವು ಮಾಯ. ಬಳ್ಳಾರಿ ಬಿಸಿಲೇನು ಕುಷ್ಟಗಿ ಬಿಸಿಲಿಗಿಂತ ಕಡಿಮೆಯೇ? ಅಲ್ಲಿ ಅನುಮಾನ ಬಂತು.

ಬಸ್ ಸೀಟಿನ ಟವೆಲ್

ನಮ್ಮ ಮೆದುಳಿನಲ್ಲಿ ಅಡೆನೋಸಿನ್ ಅಂತ ಒಂದು ರಾಸಾಯನಿಕ ಇದೆ. ಎಚ್ಚರವಾಗಿದ್ದಷ್ಟೂ ಅದು ಸೇರ್ತಾ ಹೋಗುತ್ತೆ. ತನ್ನ ರಿಸೆಪ್ಟರ್ ಮೇಲೆ, ಅಂದ್ರೆ ತನಗಂತ ಇರೋ ಸೀಟಿನ ಮೇಲೆ ಹೋಗಿ ಕೂತರೆ ನಿದ್ದೆ ಬರುತ್ತೆ, ಮೆದುಳಿನ ರಕ್ತನಾಳ ಹಿಗ್ಗುತ್ತೆ. ಕೆಫೀನ್ ಮಾಡೋದು ನಮ್ಮೂರ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯೋ ಕೆಲಸ. ಟವೆಲ್ ಏನೂ ಪ್ರಯಾಣ ಮಾಡೋದಿಲ್ಲ, ಆದರೆ ಅದಿರೋ ತನಕ ಬೇರೆಯವರು ಕೂರುವ ಹಾಗಿಲ್ಲ. ಅಡೆನೋಸಿನ್ ನಿಂತೇ ಇರುತ್ತೆ, ನಮಗೆ ಎಚ್ಚರ.

ದಿನಾ ಹೀಗೆ ಆದರೆ ದೇಹ ಸುಮ್ನೆ ಇರಲ್ಲ, ಇನ್ನಷ್ಟು ಸೀಟು ಹಾಕುತ್ತೆ. ಅದಕ್ಕೇ ಮೊದಲು ಎರಡು ಚಹಾಕ್ಕೆ ಬರ್ತಿದ್ದ ಎಚ್ಚರಕ್ಕೆ ಆಮೇಲೆ ಆರು ಬೇಕಾಗೋದು. ಈಗ ಒಂದು ದಿನ ಟವೆಲ್ಲೆಲ್ಲ ಒಮ್ಮೆಲೇ ತೆಗೆದ್ರೆ? ಹೆಚ್ಚಿಗೆ ಹಾಕಿದ ಸೀಟೂ ಸೇರಿ ಎಲ್ಲಾ ತುಂಬಿಬಿಡುತ್ತೆ. ರಕ್ತನಾಳ ಜಾಸ್ತಿ ಹಿಗ್ಗಿ ತಲೆನೋವು, ಜೊತೆಗೆ ಸುಸ್ತು, ಮಂಪರು. ಹೆಚ್ಚಿನ ಸೀಟು ದೇಹವೇ ಬಿಚ್ಚಿ ತೆಗೆಯುತ್ತೆ, ಆದರೆ ಅದಕ್ಕೆ ದಿನಗಟ್ಟಲೆ ಬೇಕು. ಮೆಲ್ಲಗೆ ಇಳಿಸೋದು ಅಂದ್ರೆ ಆ ಬಿಚ್ಚುವ ವೇಗಕ್ಕೆ ನಾವು ಹೊಂದ್ಕೊಳ್ಳೋದು, ಅಷ್ಟೇ.

ಕಪ್ಪು ಅಲ್ಲ, ಮಿಲಿಗ್ರಾಂ

ಇದು ಬೇಗ ಮುಗಿಸ್ತೇನೆ. ಹೋಟೆಲಿನ ಸಣ್ಣ ಗ್ಲಾಸ್ ಚಹಾಕ್ಕೆ ನಾನು 30 ಮಿಲಿಗ್ರಾಂ ಹಿಡಿದೆ. ರೂಮಿನಲ್ಲಿ ಒಂದು ಚಮಚ ಇನ್‌ಸ್ಟಂಟ್ ಪುಡಿ ಹಾಕಿ ಮಾಡೋ ಕಾಫಿಗೆ 60. ಎರಡೂ ಅಂದಾಜು, ಪುಡಿ ಎಷ್ಟು, ಎಷ್ಟು ಹೊತ್ತು ಕುದ್ದಿದೆ ಅನ್ನೋದರ ಮೇಲೆ ಬದಲಾಗುತ್ತೆ. ಲೆಕ್ಕ ಪಕ್ಕಾ ಇರಬೇಕಿಲ್ಲ, ಆದರೆ ಮೊದಲಿಂದ ಕೊನೆತನಕ ಒಂದೇ ಅಳತೆ ಇರಬೇಕು.

ನನ್ನ ದಿನ: ಬೆಳಿಗ್ಗೆ 7, 9:30, 11, ಮಧ್ಯಾಹ್ನ 2, ಸಂಜೆ 4:30, 6:30, ಆರು ಚಹಾ. ರಾತ್ರಿ 9ಕ್ಕೆ ಒಂದು, 11ಕ್ಕೆ ಒಂದು ಕಾಫಿ. 180 ಮತ್ತು 120, ಒಟ್ಟು 300. ಊರಲ್ಲಿ ಭಾನುವಾರ ಅವ್ವ ಕೊಡೋ ಎರಡು ಚಹಾ, 60. ಅಂದ್ರೆ ವಾರಕ್ಕೊಮ್ಮೆ ನಾನೇ ಗೊತ್ತಿಲ್ಲದೆ ಐದರಲ್ಲಿ ನಾಲ್ಕು ಪಾಲು ಕಡಿದುಹಾಕ್ತಿದ್ದೆ. ದಿನಕ್ಕೆ 100 ಮಿಲಿಗ್ರಾಂ ರೂಢಿ ಇದ್ದವರಿಗೂ ಒಮ್ಮೆಲೇ ಬಿಟ್ಟರೆ ತಲೆನೋವು ಬರಬಹುದು. ಚಹಾ ಮಾತ್ರ ಕುಡಿಯೋರಿಗೆ ಇದೆಲ್ಲ ಇಲ್ಲ ಅಂತ ಅಂದ್ಕೋಬೇಡಿ.

ನಾನು ಎಡವಿದ್ದು ಇಲ್ಲಿ

ಮೊದಲ ಸಲ ಬಹಳ ಜಾಣತನ ಮಾಡಿದೆ. ದಿನಕ್ಕೊಂದು ಕಪ್ಪು ಕಡಿಮೆ, ವಾರದಲ್ಲಿ ಒಂದಕ್ಕೆ ಬಂದುಬಿಡೋಣ ಅಂತ. ಸೋಮವಾರ ಒಂದು ಕಡಿಮೆ, ಏನೂ ಆಗಲಿಲ್ಲ. ಮಂಗಳವಾರ ಎರಡು ಕಡಿಮೆ, ಸ್ವಲ್ಪ ಆಕಳಿಕೆ ಅಷ್ಟೇ. ಬುಧವಾರ ಮೂರು ಕಡಿಮೆ, "ಇದೇನು ಮಹಾ" ಅನ್ನಿಸ್ತು. ಗುರುವಾರ ವಾರ್ಡಿನಲ್ಲಿ ಪೋಸ್ಟಿಂಗ್ ಇತ್ತು, ಬಿಪಿ ನೋಡ್ತಾ ನನಗೇ ಕಣ್ಣು ಬಿಡೋಕಾಗಲಿಲ್ಲ. ಅವತ್ತೇ ಮತ್ತೆ ಎಂಟಕ್ಕೆ ವಾಪಸ್.

ತಪ್ಪು ಎಲ್ಲಿ? ಕೆಫೀನ್ ಬಿಟ್ಟ ನೋವು ತಕ್ಷಣ ಬರೋದಿಲ್ಲ. ಕಡಿಮೆಯಾದ ಮೇಲೆ 12ರಿಂದ 24 ಗಂಟೆಗೆ ಶುರು. ಜೋರಾಗೋದು ಸುಮಾರು 20ರಿಂದ 51 ಗಂಟೆ ಒಳಗೆ, ಅಂದ್ರೆ ಒಂದು ದಿನದಿಂದ ಎರಡು ದಿನದ ಸುತ್ತ. ಪೂರ್ತಿ ಬಿಟ್ಟರೆ 2ರಿಂದ 9 ದಿನ ಇರಬಹುದು. ಹಾಗಾಗಿ ಮಂಗಳವಾರದ ಆಕಳಿಕೆ ಮಂಗಳವಾರದ್ದಲ್ಲ, ಸೋಮವಾರದ್ದು. ಬುಧವಾರ ಆರಾಮಾಗಿದ್ದೆ ಅಂದ್ರೆ ಮೂರು ಕಪ್ಪು ಬಿಟ್ಟರೂ ತಡೀತೀನಿ ಅಂತಲ್ಲ, ಮಂಗಳವಾರದ ಬಿಲ್ಲು ಇನ್ನೂ ಪೂರ್ತಿ ಬಂದಿಲ್ಲ ಅಂತ. ಗುರುವಾರ ಎರಡು ಮೂರು ದಿನದ ಬಿಲ್ಲು ಒಟ್ಟಿಗೇ ಬಂತು. ಇದನ್ನು ನಾನು ಮೂರು ಸಲ ಬರೆದು ಗೆರೆ ಎಳೆದು ನೋಡಿದ ಮೇಲೆ ತಲೆಗೆ ಹೋಯ್ತು. ಇವತ್ತು ಹೇಗಿದೆ ಅಂತ ನೋಡಿ ಇವತ್ತಿನ ಕಡಿತ ಸರಿಯೋ ತಪ್ಪೋ ಹೇಳೋಕಾಗಲ್ಲ. ಎರಡು ದಿನ ಕಾಯಬೇಕು, ಆಮೇಲೆ ದೇಹ ಹೊಂದ್ಕೊಳ್ಳೋಕೆ ಇನ್ನೆರಡು ಮೂರು ದಿನ ಕೊಡಬೇಕು. ಹಾಗಾಗಿ ಒಂದು ಮೆಟ್ಟಿಲಿಗೆ ಐದು ದಿನ ಇಟ್ಟೆ. ಪರೀಕ್ಷೆ ಹತ್ತಿರ ಇದ್ದರೆ ಏಳು ಇಟ್ಕೊಳ್ಳಿ.

ಎಷ್ಟು ಇಳಿಸೋದು? ಈಗ ಕುಡಿಯುತ್ತಿರೋದರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಬೇಡ. "ಈಗ" ಅನ್ನೋದು ಮುಖ್ಯ. 300 ಇದ್ದಾಗ 60 ಬಿಟ್ಟರೆ ಐದರಲ್ಲಿ ಒಂದು ಪಾಲು. 120 ಇದ್ದಾಗ ಅದೇ 60 ಬಿಟ್ಟರೆ ಅರ್ಧ! ಕೆಳಗೆ ಹೋದಷ್ಟೂ ಮೆಟ್ಟಿಲು ಸಣ್ಣದಾಗಬೇಕು. ನನ್ನ ಏಣಿ ಹೀಗಿದೆ: 300, 240, 200, 170, 140, 120, 100, 80, 60. ಎಂಟು ಸಲ ಇಳಿಯಬೇಕು, ಒಟ್ಟು ನಲವತ್ತು ದಿನ. 60ಕ್ಕೆ ಯಾಕೆ ನಿಲ್ಲಿಸಿದೆ ಅಂದ್ರೆ ಅದು ಊರಿನ ಭಾನುವಾರದ ಲೆಕ್ಕ.

ಮೊದಲು ಯಾವ ಕಪ್ಪು?

ರಾತ್ರಿಯದ್ದು. ದೇಹದಲ್ಲಿ ಕೆಫೀನ್ ಅರ್ಧ ಆಗೋಕೆ ಸರಾಸರಿ ಐದು ಗಂಟೆ ಬೇಕು. 11ಕ್ಕೆ ಕುಡಿದ ಕಾಫಿಯ ಅರ್ಧ ಬೆಳಗಿನ 4ಕ್ಕೂ ಒಳಗೇ ಇರುತ್ತೆ. ಅದನ್ನು ಬಿಟ್ಟರೆ ನಿದ್ದೆ ಸುಧಾರಿಸುತ್ತೆ, ಮರುದಿನದ ಸುಸ್ತು ಕೆಫೀನ್ ಬಿಟ್ಟಿದ್ದಕ್ಕೋ ನಿದ್ದೆಗೆಟ್ಟಿದ್ದಕ್ಕೋ ಅನ್ನೋ ಗೊಂದಲವೂ ಕಡಿಮೆ. ಬೆಳಗಿನ 7ರ ಚಹಾ ಕೊನೆತನಕ ಮುಟ್ಟಬೇಡಿ. ರಾತ್ರಿಯೆಲ್ಲ ಕೆಫೀನ್ ಇಲ್ಲದೆ ಕಳೆದ ತಲೆಗೆ ಅದು ಬೇಕೇ ಬೇಕು. ಒಂದು ಮಾತು, ಚಹಾದ ಜೊತೆ ಸಿಗರೇಟೂ ಬಿಡ್ತಿರೋರು ಗಮನಿಸಿ: ಹೊಗೆ ಸೇದುವವರಲ್ಲಿ ಕೆಫೀನ್ ಬೇಗ ಕರಗುತ್ತೆ, ಸಿಗರೇಟು ಬಿಟ್ಟ ಮೇಲೆ ಅದೇ ಚಹಾ ಜಾಸ್ತಿ ಹೊತ್ತು ಉಳಿಯುತ್ತೆ. ಎದೆ ಢವಢವ ಅಂದ್ರೆ ಅದೂ ಕಾರಣ ಇರಬಹುದು.

ಒನ್ ಬೈ ಟು, ನನ್ನ ಮೆಚ್ಚಿನ ಅಸ್ತ್ರ

ಹೋಟೆಲ್ ಚಹಾವನ್ನು ಕಾಲು ಭಾಗ ಕಡಿಮೆ ಮಾಡೋದು ಹೇಗೆ? ಗ್ಲಾಸಿನಲ್ಲಿ ಬಿಡೋಕೆ ಮನಸ್ಸು ಬರಲ್ಲ, ದುಡ್ಡು ಕೊಟ್ಟಿರ್ತೀವಿ. ನಮ್ಮ ಕಡೆ ಇದಕ್ಕೆ ಮೊದಲೇ ಉಪಾಯ ಇದೆ, ಒನ್ ಬೈ ಟು. ರೂಮ್‌ಮೇಟ್ ಜೊತೆ ಹೋಗಿ ಒಂದನ್ನು ಎರಡು ಮಾಡಿಸೋದು. ಕೈಯಲ್ಲಿ ಗ್ಲಾಸು ಇದೆ, ಮಾತು ಇದೆ, ಮಿರ್ಚಿ ಇದೆ, ತಲೆಗೆ ಏನೂ ತಪ್ಪಿದ ಹಾಗೆ ಅನ್ನಿಸಲ್ಲ. ಒಂದೇ ಎಚ್ಚರ: ಒನ್ ಬೈ ಟು ಅಂದ್ರೆ ಅರ್ಧ ಅಲ್ಲ. ಹಾಕಿಕೊಡೋರು ಕೈ ಬಿಟ್ಟೇ ಹಾಕ್ತಾರೆ. ಅದಕ್ಕೆ ನಾನು 15 ಅಲ್ಲ, 20 ಅಂತ ಬರ್ಕೊಂಡೆ. ಮೇಲಿನ ಏಣಿಯಲ್ಲಿ 240ರಿಂದ 200ಕ್ಕೆ ಬಂದಿದ್ದು ಹೀಗೆ: 9ರ ಕಾಫಿಗೆ ಅರ್ಧ ಚಮಚ ಪುಡಿ, 11 ಗಂಟೆಯ ಚಹಾ ಒನ್ ಬೈ ಟು. 170ಕ್ಕೆ ಉಳಿದರ್ಧ ಕಾಫಿ ಹೋಯ್ತು, 140ಕ್ಕೆ 6:30ರ ಚಹಾ, 120ಕ್ಕೆ 11ರ ಅರ್ಧ. 100ಕ್ಕೆ 9:30 ಮತ್ತು 4:30 ಎರಡೂ ಒನ್ ಬೈ ಟು. ಆಮೇಲೆ 4:30ರದ್ದು, ಕೊನೆಗೆ 9:30ರದ್ದು ಹೋಗಬೇಕು. ಆಗ ಉಳಿಯೋದು 7 ಮತ್ತು 2 ಗಂಟೆಯವು.

ಕಾಫಿಯನ್ನೇ ನಂಬಿದವರಿಗೆ ಚಿಕೋರಿ ಇದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಕಹಿ ಇದೆ, ಬಣ್ಣ ಇದೆ. ಪುಡಿ ಅಂಗಡಿಯಲ್ಲಿ 80:20 ತಗೊಳ್ತಿದ್ದೋರು 60:40 ಕೇಳಿ, ಚಮಚ ಅಷ್ಟೇ ಇರಲಿ. 80 ಇದ್ದ ಕಾಫಿ 60 ಆದರೆ ಸರಿಯಾಗಿ ಕಾಲು ಭಾಗ ಇಳಿದ ಹಾಗೆ, ಅಲ್ವಾ? ಗ್ರೀನ್ ಟೀಗೆ ಬದಲಾದ್ರೆ ಬಿಟ್ಟ ಹಾಗೆ ಅಂತ ಮಾತ್ರ ತಿಳೀಬೇಡಿ, ಅದರಲ್ಲೂ ಕೆಫೀನ್ ಇದೆ.

ನಡುವೆ ಕೆಟ್ಟಾಗ

ಎರಡನೇ ಪ್ರಯತ್ನವೂ ಒಮ್ಮೆ ಕೆಟ್ಟಿತು. 170ರಲ್ಲಿ ಇದ್ದಾಗ ಊರಿಗೆ ಹೋದೆ, ಎಂದಿನಂತೆ ಎರಡೇ ಚಹಾ, ಭಾನುವಾರ ಮತ್ತೆ ತಲೆನೋವು. ಏಣಿ ಊರಲ್ಲೂ ಇರುತ್ತೆ ಅನ್ನೋದೇ ಮರೆತಿದ್ದೆ! ಆಮೇಲಿಂದ ಇನ್‌ಸ್ಟಂಟ್ ಪುಡಿಯ ಸಣ್ಣ ಪೊಟ್ಟಣ ಬ್ಯಾಗಿನಲ್ಲಿ ಇಟ್ಕೊಂಡು ಹೋಗ್ತೇನೆ, ಕಡಿಮೆ ಬಿದ್ದಷ್ಟನ್ನು ಮಧ್ಯಾಹ್ನ ಕಾಫಿ ಮಾಡಿ ಸರಿದೂಗಿಸ್ತೇನೆ.

ಒಂದು ಮೆಟ್ಟಿಲಲ್ಲಿ ನೋವು ಬಂದರೆ 300ಕ್ಕೆ ವಾಪಸ್ ಓಡಬೇಡಿ. ಹಿಂದಿನ ಒಂದೇ ಮೆಟ್ಟಿಲು ಹತ್ತಿ, ಮೂರು ದಿನ ನಿಂತು, ಮುಂದಿನದನ್ನು ಎರಡು ಪಾಲು ಮಾಡಿ ಇಳಿಯಿರಿ. ಬಿಸಿಲಿನ ತಲೆನೋವೋ ಕೆಫೀನಿನದ್ದೋ ಗೊತ್ತಾಗದಿದ್ದರೆ ಮೊದಲು ಎರಡು ಲೋಟ ನೀರು ಕುಡಿದು ನೋಡಿ. ಮೂತ್ರ ಗಾಢ ಹಳದಿ ಇದ್ದರೆ ನೀರಿನ ಕೊರತೆ ಇರಬಹುದು.

ಮಾತ್ರೆ ವಿಷಯದಲ್ಲಿ ನಾನು ಮೋಸ ಹೋಗಿದ್ದೆ. ಮೆಡಿಕಲ್ ಶಾಪಿನಲ್ಲಿ ತಲೆನೋವಿಗೆ ಅಂತ ತಗೊಂಡ ಮಾತ್ರೆ ಮಂತ್ರ ಹಾಕಿದ ಹಾಗೆ ಕೆಲಸ ಮಾಡ್ತಿತ್ತು. ಸ್ಟ್ರಿಪ್ ತಿರುಗಿಸಿ ನೋಡಿದ್ರೆ ಪ್ಯಾರಾಸಿಟಮಾಲ್ ಜೊತೆ ಕೆಫೀನ್! ಅಂದ್ರೆ ಮಾತ್ರೆ ರೂಪದಲ್ಲಿ ಚಹಾ ಕುಡಿದಿದ್ದೆ, ಲೆಕ್ಕಕ್ಕೆ ಹಿಡಿದಿರಲಿಲ್ಲ. ಬೇಕೇಬೇಕಾದ್ರೆ ಬರೀ ಪ್ಯಾರಾಸಿಟಮಾಲ್ ಸಾಕು, ಅದೂ ದಿನಾ ಅಲ್ಲ, ನೋವಿನ ಮಾತ್ರೆ ಪದೇಪದೇ ನುಂಗಿದ್ರೆ ಅದರಿಂದಲೇ ತಲೆನೋವು ಬರುತ್ತೆ. ಸಿಡಿಲು ಹೊಡೆದ ಹಾಗೆ ಒಮ್ಮೆಲೇ ಬಂದ ನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಕಣ್ಣು ಮಂಜು, ಕೈಕಾಲು ಸೋಲೋದು, ಅಥವಾ ಹತ್ತು ದಿನ ದಾಟಿದ ನೋವು, ಇವು ಕೆಫೀನ್ ಲೆಕ್ಕದಲ್ಲಿ ಬರಲ್ಲ. ಡಾಕ್ಟರ ಹತ್ತಿರ ಹೋಗಿ.

ನಾನೀಗ 100ರಲ್ಲಿದ್ದೇನೆ, ಮೂರನೇ ದಿನ. ಕಳೆದ ಭಾನುವಾರ ಊರಲ್ಲಿ ಸಂಜೆತನಕ ಎಚ್ಚರವಾಗೇ ಇದ್ದೆ. "ಇವತ್ತು ಬಿಸಿಲು ಕಡಿಮಿ ಐತಿ ನೋಡು" ಅಂದಳು ಅವ್ವ.