ಮೊದಲ ಸಾಲು ನೋಡಿ ‘ಆಯ್ತಣ್ಣ’ ಅಂದರೆ

ಪ್ರಶ್ನೆ: ನಾನು ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತೇನೆ. ಊರಲ್ಲಿ ಅಪ್ಪ ಟೊಮೆಟೊ ಬೆಳೆಯುತ್ತಾರೆ. ಕೋಲಾರದ ಮಂಡಿಯವರು ವಾಟ್ಸಾಪ್‌ನಲ್ಲಿ ಕಳಿಸುವ ಮೆಸೇಜ್‌ಗೆ ನಾನೇ ಉತ್ತರ ಕೊಡುವುದು. ರೈಲಿನಲ್ಲಿ ನಿಂತುಕೊಂಡೇ ಪರದೆಯ ಮೇಲೆ ಬಂದ ಒಂದು ಸಾಲು ನೋಡುತ್ತೇನೆ, ಅಲ್ಲಿಂದಲೇ ಉತ್ತರ ಒತ್ತಿಬಿಡುತ್ತೇನೆ. ಹೋದ ತಿಂಗಳು ಇದರಿಂದ ದೊಡ್ಡ ಎಡವಟ್ಟಾಯಿತು. ನಾನು ಓದಿದ ಸಾಲು ಸರಿಯಾಗಿಯೇ ಇತ್ತು. ಆದರೂ ಯಾಕೆ ಹೀಗಾಗುತ್ತದೆ? ಮೆಸೇಜ್ ತೆರೆಯದೆ ಉತ್ತರ ಕೊಡಲೇಬಾರದಾ?

ಉತ್ತರ: ನೀವು ಆ ಮೆಸೇಜನ್ನೂ ಕಳಿಸಿದ್ದೀರಿ, ಒಳ್ಳೆಯದಾಯಿತು. ಅದನ್ನೇ ಇಟ್ಟುಕೊಂಡು ನೋಡೋಣ. ಬೆಳಿಗ್ಗೆ ಎಂಟರ ಹೊತ್ತಿಗೆ ನಿಮ್ಮ ಪರದೆಯ ಮೇಲೆ ಕಂಡದ್ದು ಇಷ್ಟು:

“ನಾಳೆ ಬೆಳಿಗ್ಗೆ 200 ಬಾಕ್ಸ್ ಕಳಿಸಿ ಅಂ…”

ನೀವು “ಆಯ್ತಣ್ಣ” ಅಂದಿರಿ. ಅಪ್ಪನಿಗೆ ಫೋನ್ ಮಾಡಿ ಇನ್ನೂರು ಬಾಕ್ಸ್ ಅಂದಿರಿ. ಅಪ್ಪ ಆಳು ಕರೆಸಿ ಕಾಯಿ ಕೀಳಿಸಿದರು. ಬಾಕ್ಸಿಗೆ 15 ಕೆಜಿ ಅಂದರೆ ಮೂರು ಟನ್ ಮಾಲು. ಆ ಮೆಸೇಜ್ ಪೂರ್ತಿ ಹೀಗಿತ್ತು:

“ನಾಳೆ ಬೆಳಿಗ್ಗೆ 200 ಬಾಕ್ಸ್ ಕಳಿಸಿ ಅಂತ ಹೇಳಿದ್ದೆ ಅಲ್ವಾ, ಹೊರಗಡೆ ವ್ಯಾಪಾರಿಗಳು ನಾಳೆ ಬರಲ್ಲ ಅಂದಿದಾರೆ, ಅದಕ್ಕೆ ಇವತ್ತು ಕಾಯಿ ಕೀಳಿಸ್ಬೇಡಿ, ನಾಡಿದ್ದು ತನ್ನಿ.”

ನಿಮಗೆ ಗಮನ ಕಡಿಮೆ ಅಂತ ನಾನು ಹೇಳುವುದಿಲ್ಲ. ಕಂಡ ಸಾಲನ್ನು ನೀವು ಸರಿಯಾಗಿಯೇ ಓದಿದ್ದೀರಿ. ತೊಂದರೆ ಇರುವುದು ಆ ಸಾಲು ಎಲ್ಲಿ ತುಂಡಾಯಿತು ಅನ್ನುವುದರಲ್ಲಿ.

ಮಡಚಿದ ನೋಟಿಫಿಕೇಶನ್‌ನಲ್ಲಿ ಆಂಡ್ರಾಯ್ಡ್ ಫೋನು ಸಾಮಾನ್ಯವಾಗಿ ಒಂದೇ ಸಾಲಿಗೆ ಜಾಗ ಕೊಡುತ್ತದೆ. ಆ ಸಾಲು ತುಂಬಿದ ತಕ್ಷಣ ಮೂರು ಚುಕ್ಕಿ ಹಾಕಿ ನಿಲ್ಲಿಸಿಬಿಡುತ್ತದೆ. ವಾಕ್ಯ ಮುಗಿಯಿತಾ, ವಿಷಯ ಬಂತಾ ಅಂತ ಅದು ನೋಡುವುದಿಲ್ಲ. ಅಗಲ ಮಾತ್ರ ನೋಡುತ್ತದೆ. ನಮ್ಮ ಅಕ್ಷರಗಳೋ, ಸ್ವಲ್ಪ ಅಗಲದವು. ನನ್ನ ಫೋನಿನಲ್ಲಿ ಎಣಿಸಿ ನೋಡಿದೆ, ಒಂದು ಸಾಲಿಗೆ ಐದಾರು ಪದ ಹಿಡಿಯುತ್ತವೆ ಅಷ್ಟೇ. ಕನ್ನಡಕ ಹಾಕುವವರು ಅಕ್ಷರ ದೊಡ್ಡದು ಮಾಡಿಕೊಂಡಿದ್ದರೆ ಇನ್ನೂ ಕಡಿಮೆ.

ಈಗ ನಮ್ಮ ಮಾತಿನ ರೀತಿ ನೋಡಿ. ಕನ್ನಡದಲ್ಲಿ ಕೆಲಸ ಹೇಳುವ ಪದ ಕೊನೆಗೆ ಬರುತ್ತದೆ. “ಬೇಡ”, “ಇಲ್ಲ”, “ಆಗಲ್ಲ” ಎಲ್ಲವೂ ಬಾಲದಲ್ಲಿ. ಯಾರು, ಯಾವಾಗ, ಎಷ್ಟು ಅನ್ನುವುದೆಲ್ಲ ಮೊದಲೇ ಬಂದು ಕೂತಿರುತ್ತದೆ. ಹೌದೋ ಅಲ್ಲವೋ ಅನ್ನುವುದು ಕೊನೆಯ ಪದದಲ್ಲಿ, ಎಷ್ಟೋ ಸಲ ಕೊನೆಯ ಪದದ ಕೊನೆಯ ಅಕ್ಷರದಲ್ಲಿ. “ಬರ್ತಾರೆ”, “ಬರಲ್ಲ” ಎರಡೂ ಶುರುವಾಗುವುದು ಒಂದೇ ಅಕ್ಷರದಿಂದ. ಸಾಲು “ಬ…” ಅಂತ ತುಂಡಾದರೆ ನಿಮಗೆ ಏನು ಗೊತ್ತಾಗಬೇಕು?

ಅದಕ್ಕಿಂತ ಅಪಾಯದ್ದು “ಅಂತ”. ಎದುರಾ ಎದುರು ಮಾತಾಡುವಾಗ ನಾವು ಇದರ ಕಡೆ ಗಮನವನ್ನೇ ಕೊಡುವುದಿಲ್ಲ. “ಅಂತ” ಬಂದ ಕೂಡಲೇ ಅದರ ಹಿಂದಿನ ಮಾತೆಲ್ಲ ಯಾರೋ ಯಾವಾಗಲೋ ಹೇಳಿದ್ದು ಆಗಿಬಿಡುತ್ತದೆ. “200 ಬಾಕ್ಸ್ ಕಳಿಸಿ” ಅಂದರೆ ಅಪ್ಪಣೆ. “200 ಬಾಕ್ಸ್ ಕಳಿಸಿ ಅಂತ ಹೇಳಿದ್ದೆ” ಅಂದರೆ ಹಳೇ ಮಾತಿನ ನೆನಪು, ಮುಂದೆ ಅದನ್ನು ಬದಲಾಯಿಸುತ್ತಾರೆ ಅನ್ನುವ ಸೂಚನೆಯೂ ಹೌದು. ನಿಮ್ಮ ಪರದೆ ಸರಿಯಾಗಿ “ಅಂ” ಹತ್ತಿರ ಕತ್ತರಿ ಹಾಕಿತು. ಕಣ್ಣಿಗೆ ಬಿದ್ದದ್ದು ಪೂರ್ತಿ ಅಪ್ಪಣೆಯಂತೆಯೇ ಇತ್ತು, ಏನೋ ಬಿಟ್ಟುಹೋಗಿದೆ ಅಂತ ಅನಿಸುವ ಹಾಗೇ ಇರಲಿಲ್ಲ. ಅರ್ಧಂಬರ್ಧ ಕಂಡಿದ್ದರೆ ನೀವೇ ತೆರೆದು ನೋಡುತ್ತಿದ್ದಿರಿ, ಅಲ್ವಾ?

ಇನ್ನೊಂದು ವಿಷಯ. ಮಂಡಿಯವರಿಗೆ ಯಾಕೆ ಅನುಮಾನ ಬರಲಿಲ್ಲ? ಅವರು “ಇವತ್ತು ಕೀಳಿಸ್ಬೇಡಿ” ಅಂದಿದ್ದರು, ನೀವು “ಆಯ್ತಣ್ಣ” ಅಂದಿರಿ. ಅವರ ಪ್ರಕಾರ ಮಾತು ಮುಗಿಯಿತು. ನಿಮ್ಮ ಪ್ರಕಾರವೂ ಮುಗಿಯಿತು. ಇಬ್ಬರಿಗೂ ಒಪ್ಪಿಗೆ ಸಿಕ್ಕಿದೆ, ಆದರೆ ಒಂದಕ್ಕೊಂದು ತದ್ವಿರುದ್ಧ ವಿಷಯಕ್ಕೆ. “ಆಯ್ತು” ಅನ್ನುವ ಉತ್ತರ ಯಾವ ಮಾತಿಗೆ ಬೇಕಾದರೂ ಹೊಂದಿಕೊಳ್ಳುತ್ತದೆ. ಹಾಗಾಗಿ ತಪ್ಪು ಅಲ್ಲೇ ಬೆಳಕಿಗೆ ಬರಲಿಲ್ಲ. ಮಾರನೇ ದಿನ ಟೆಂಪೊ ಹೋಗಿ ಮಂಡಿ ಮುಂದೆ ನಿಂತಾಗ ಬಂತು. ಹೊರಗಿನ ವ್ಯಾಪಾರಿಗಳಿಲ್ಲದ ದಿನ ಹರಾಜು ಹೇಗಿರುತ್ತದೆ ಅಂತ ನಿಮ್ಮ ಅಪ್ಪನಿಗೆ ನಾನು ಹೇಳಬೇಕಾಗಿಲ್ಲ.

ನನಗೂ ಒಮ್ಮೆ ಹೀಗೇ ಆಗಿದೆ. “ನಮಸ್ಕಾರ ಅಣ್ಣ, ಊಟ ಆಯ್ತಾ?” ಅಂತ ಒಂದು ಸಾಲು ಕಂಡಿತು. ಮುದ್ದೆ ಕೈಯಲ್ಲಿತ್ತು. ಎಡಗೈಯಲ್ಲೇ “ಆಯ್ತು” ಅಂತ ಒತ್ತಿದೆ. ಆ ಸಾಲಿನ ಮುಂದೆ “ಒಂದು ಐದು ಸಾವಿರ ಬೇಕಿತ್ತು, ಶನಿವಾರ ಕೊಡ್ತೀನಿ” ಅಂತ ಇತ್ತು. ಸಂಜೆ ಹುಡುಗ ಮನೆ ಬಾಗಿಲಿಗೇ ಬಂದ. ಕೊಟ್ಟೆ, ಇನ್ನೇನು ಮಾಡುವುದು. ನಮ್ಮ ಕಡೆ ವಿಷಯಕ್ಕೆ ಮೊದಲು ಊಟ, ಮಳೆ, ಮನೆಯವರ ಆರೋಗ್ಯ ಕೇಳುವುದು ರೂಢಿ. ಆ ರೂಢಿಗೇ ಒಂದು ಸಾಲು ಖರ್ಚಾಗಿಬಿಡುತ್ತದೆ.

ಒಂದು ಮೆಸೇಜಿನ ಮೊದಲ ಸಾಲು ಕಾಣುವುದು ಹೀಗಾದರೆ, ಒಂದರ ಹಿಂದೆ ಒಂದು ಮೂರು ನಾಲ್ಕು ಬಂದಾಗ ಮಡಚಿದ ನೋಟಿಫಿಕೇಶನ್ ತೋರಿಸುವುದು ಸಾಮಾನ್ಯವಾಗಿ ಕೊನೆಯದನ್ನು. “ಹಾಗೇ ಮಾಡೋಣ ಅಲ್ವಾ?” ಅಂತ ಮಾತ್ರ ಕಾಣುತ್ತದೆ. ಹೇಗೆ ಮಾಡೋಣ ಅನ್ನುವುದು ಅದರ ಹಿಂದಿನ ಮೆಸೇಜಿನಲ್ಲಿ ಇರುತ್ತದೆ.

ಹಾಗಾದರೆ ತೆರೆಯದೆ ಉತ್ತರ ಕೊಡಲೇಬಾರದಾ ಅಂತ ಕೇಳಿದ್ದೀರಿ. ಕೊಡಬಹುದು. ಆದರೆ ಮೊದಲು ನೋಟಿಫಿಕೇಶನ್ ಬಿಡಿಸಿ. ಅದರ ಬಲ ಅಂಚಿನಲ್ಲಿ ಕೆಳಮುಖದ ಸಣ್ಣ ಬಾಣ ಇರುತ್ತದೆ, ಅದನ್ನು ಒತ್ತಿ. ಇಲ್ಲವೇ ನೋಟಿಫಿಕೇಶನ್ ಮೇಲೆ ಬೆರಳಿಟ್ಟು ಕೆಳಕ್ಕೆ ಎಳೆಯಿರಿ. ಒಂದು ಸಾಲು ಇದ್ದದ್ದು ಹಲವು ಸಾಲಾಗುತ್ತದೆ. ಹಿಂದಿನ ಒಂದೆರಡು ಮೆಸೇಜೂ ಕಾಣಬಹುದು. ನಿಮ್ಮ ಮಂಡಿಯವರ ಮೆಸೇಜಿನಷ್ಟು ಉದ್ದದ್ದಾದರೆ ಪೂರ್ತಿ ಸಿಕ್ಕಿಬಿಡುತ್ತದೆ. ತುಂಬಾ ಜನ ಮೆಸೇಜ್ ತೆರೆಯದೆ ಇರುವುದಕ್ಕೆ ಕಾರಣ ನೀಲಿ ಟಿಕ್ ಭಯ. ನೋಡಿಯೂ ಉತ್ತರ ಕೊಟ್ಟಿಲ್ಲ ಅಂದುಕೊಳ್ಳುತ್ತಾರೆ ಅಂತ. ಸುಮ್ನೆ ಬಿಡಿಸಿ ಓದಿದರೆ ನೀಲಿ ಟಿಕ್ ಬೀಳುವುದಿಲ್ಲ. ಚಾಟ್ ಒಳಗೆ ಹೋದರೆ ಬೀಳುತ್ತದೆ. ಆ ಭಯ ಜಾಸ್ತಿ ಇದ್ದರೆ ಸೆಟ್ಟಿಂಗ್ಸ್‌ನ ಪ್ರೈವೆಸಿ ಭಾಗದಲ್ಲಿ ನೀಲಿ ಟಿಕ್ಕನ್ನೇ ಆರಿಸಬಹುದು. ಆಗ ಬೇರೆಯವರ ನೀಲಿ ಟಿಕ್ ನಿಮಗೂ ಕಾಣುವುದಿಲ್ಲ. ಗ್ರೂಪಿನಲ್ಲಿ ಮಾತ್ರ ಅದು ಆರುವುದಿಲ್ಲ.

ಬಿಡಿಸುವುದಕ್ಕೂ ಒಂದು ಮಿತಿ ಇದೆ. ನೋಟಿಫಿಕೇಶನ್ ಒಂದಷ್ಟು ಎತ್ತರದವರೆಗೆ ಬೆಳೆಯುತ್ತದೆ, ಆಮೇಲೆ ಅಲ್ಲೂ ಕತ್ತರಿ ಬೀಳುತ್ತದೆ. ಜೊತೆಗೆ, ಮಂಡಿಯವರು ನಿಮ್ಮದೇ ಹಳೇ ಮೆಸೇಜನ್ನು ಹಿಡಿದು ಅದರ ಕೆಳಗೆ “ಇದು ಬೇಡ” ಅಂತ ಬರೆದಿದ್ದರೆ, ಯಾವುದು ಬೇಡ ಅನ್ನುವುದು ತಿಳಿಯಲು ಚಾಟ್ ಒಳಗೇ ಹೋಗಬೇಕು. ಅದಕ್ಕೆ ನಾನು ಇಟ್ಟುಕೊಂಡ ಲೆಕ್ಕ ಸರಳ: ಬಿಡಿಸಿದ ಮೇಲೂ ಕೊನೆಯಲ್ಲಿ ಮೂರು ಚುಕ್ಕಿ ಇದ್ದರೆ, ಅಥವಾ “ಇದು, ಅದು, ಹಾಗೇ” ಅನ್ನುವ ಪದ ಯಾವುದಕ್ಕೆ ಅಂತ ಅಲ್ಲೇ ಗೊತ್ತಾಗದಿದ್ದರೆ, ಅಲ್ಲಿಂದ ಉತ್ತರ ಕೊಡುವುದಿಲ್ಲ. ಕೈ ಬಿಡುವಿಲ್ಲದಿದ್ದರೆ “ಇನ್ನೂ ಓದಿಲ್ಲ ಅಣ್ಣ, ಇಳಿದು ನೋಡಿ ಹೇಳ್ತೀನಿ” ಅಂತ ಕಳಿಸುತ್ತೇನೆ. “ಇನ್ನೂ ಓದಿಲ್ಲ” ಅನ್ನುವ ಎರಡು ಪದ ಅದರಲ್ಲಿ ಇರಲೇಬೇಕು. ಬರೀ “ನೋಡ್ತೀನಿ” ಅಂದರೆ ನಮ್ಮ ಊರಲ್ಲಿ ಅದಕ್ಕೂ ಅರ್ಧ ಒಪ್ಪಿಗೆ ಅಂತಲೇ ಅರ್ಥ.

ಇಷ್ಟಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಉತ್ತರದೊಳಗೆ ವಿಷಯ ಸೇರಿಸುವುದು. ಆ ದಿನ ನೀವು “ಆಯ್ತಣ್ಣ” ಬದಲು “ಆಯ್ತಣ್ಣ, ನಾಳೆ ಬೆಳಿಗ್ಗೆ 200 ಬಾಕ್ಸ್ ಬರುತ್ತೆ” ಅಂದಿದ್ದರೆ ಏನಾಗುತ್ತಿತ್ತು? ನೀವು ಆಗಲೂ ಒಂದೇ ಸಾಲು ಓದಿರುತ್ತಿದ್ದಿರಿ, ಆಗಲೂ ತಪ್ಪೇ ತಿಳಿದುಕೊಂಡಿರುತ್ತಿದ್ದಿರಿ. ಆದರೆ ಆ ತಪ್ಪು ಮಂಡಿಯವರ ಕಣ್ಣಿಗೆ ಬೀಳುತ್ತಿತ್ತು. “ಅಯ್ಯೋ, ಬೇಡ ಅಂದ್ನಲ್ಲಪ್ಪ” ಅಂತ ಅವರೇ ಫೋನ್ ಮಾಡುತ್ತಿದ್ದರು. ಕೀಳುವ ಆಳು ತೋಟಕ್ಕೆ ಇಳಿಯುವ ಮೊದಲೇ. ದಿನ, ಎಣಿಕೆ, ಕಳಿಸುತ್ತೇವೋ ಇಲ್ಲವೋ, ಈ ಮೂರನ್ನು ನಿಮ್ಮ ಮಾತಿನಲ್ಲೇ ಬರೆಯಿರಿ. ಬಾಕಿಯದು ಬೇಕಿಲ್ಲ.

ತಪ್ಪು ಒತ್ತಿದ್ದು ಬೇಗ ಗೊತ್ತಾದರೆ ವಾಟ್ಸಾಪ್‌ನಲ್ಲಿ 15 ನಿಮಿಷದೊಳಗೆ ನಿಮ್ಮ ಮೆಸೇಜನ್ನು ತಿದ್ದಬಹುದು. ಆದರೆ ತಿದ್ದಿದ್ದಕ್ಕೆ ಆ ಕಡೆ ಹೊಸದಾಗಿ ಸದ್ದಾಗುವುದಿಲ್ಲ. ಅವರು ಹಳೆಯದನ್ನು ಓದಿ ಫೋನು ಜೇಬಿಗಿಟ್ಟಿದ್ದರೆ ತಿದ್ದಿದ್ದು ಗೊತ್ತೇ ಆಗದು. ಹಾಗಾಗಿ ಎಣಿಕೆ, ದಿನ ಬದಲಾದಾಗ ತಿದ್ದಬೇಡಿ, ಹೊಸ ಮೆಸೇಜ್ ಕಳಿಸಿ. ಅವರು ತಿದ್ದಿದಾಗಲೂ ಇದೇ ಕಥೆ. ಸಂಜೆ ಒಮ್ಮೆ ಚಾಟ್ ಒಳಗೆ ಹೋಗಿ ಕಣ್ಣಾಡಿಸುವುದು ಒಳ್ಳೆಯದು.

ಮಂಡಿಯವರಿಗೂ ಒಂದು ಮಾತು ಹೇಳಿ ನೋಡಿ. ಗದ್ದಲದಲ್ಲಿ ಕೂಗಿ ಹೇಳುವಾಗ ನಾವೆಲ್ಲ “ಬೇಡ ಬೇಡ, ಇವತ್ತು ಕೀಳಿಸ್ಬೇಡಿ” ಅಂತ ಬೇಡವನ್ನೇ ಮುಂದಕ್ಕೆ ತರುತ್ತೇವೆ. ಬರೆಯುವಾಗಲೂ ಹಾಗೇ ಬರೆದರೆ ಸಾಕು: “ಇವತ್ತು ಬೇಡ.” ಆಮೇಲೆ ಕಾರಣ. ಮೊದಲ ಸಾಲಿನಲ್ಲಿ ಅದು ಪೂರ್ತಿ ಹಿಡಿಯುತ್ತದೆ. ಅವರು ವಯಸ್ಸಾದವರು, ಬರೆಯುವ ರೀತಿ ಬದಲಾಯಿಸುವುದಿಲ್ಲ ಅಂತ ನೀವು ಹೇಳಬಹುದು. ಸರಿ, ಹಾಗಿದ್ದರೆ ಕೀಳುವ ದಿನದ ಮಾತು ಮಾತ್ರ ಫೋನಿನಲ್ಲೇ ಆಗಲಿ ಅಂತ ಕೇಳಿಕೊಳ್ಳಿ. ಇಲ್ಲವೇ ಅವರು ನೇರ ಅಪ್ಪನಿಗೇ ಫೋನ್ ಮಾಡಲಿ. ದರ, ಪಟ್ಟಿ, ಬಂದ ಹಣ ಇವೆಲ್ಲ ನೀವು ರೈಲಿಳಿದ ಮೇಲೆ ನೋಡಿದರೂ ನಡೆಯುತ್ತದೆ.