ಟೈಮ್ ಟೇಬಲ್ ಹಾಕೋ ಮೊದಲು ಇದನ್ನು ನೋಡಿ

‘ಡಾಕ್ಟ್ರೇ, ತುಂಬಾ ಬುದ್ಧಿವಂತ. ಆದ್ರೆ ಸೋಮಾರಿ.’ ಮಕ್ಕಳನ್ನು ಕರೆದುಕೊಂಡು ಬರುವ ತಂದೆತಾಯಿ ಆಡುವ ಮೊದಲ ಮಾತು ಹೆಚ್ಚಾಗಿ ಇದೇ. ಜೊತೆಗೆ ಬಣ್ಣಬಣ್ಣದ ಟೈಮ್ ಟೇಬಲ್ ಒಂದು ಇರುತ್ತದೆ. ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಒಂದು ಖಾಲಿ ಜಾಗ ಇಲ್ಲ. ಎಷ್ಟು ದಿನ ನಡೆಯಿತು ಅಂತ ಕೇಳಿದರೆ ಮೂರು ದಿನ, ನಾಲ್ಕು ದಿನ.

ಎಷ್ಟು ಸಲ ಹೇಳಿದರೂ ಒಂದು ವಿಷಯ ಮನಸ್ಸಿಗೆ ಇಳಿಯುವುದಿಲ್ಲ. ಇಂಥ ಮಕ್ಕಳಿಗೆ ಹೆಚ್ಚಾಗಿ ಓದುವುದು ಕಷ್ಟವಲ್ಲ, ಓದಲು ಶುರು ಮಾಡುವುದು ಕಷ್ಟ. ‘ಆರರಿಂದ ಎಂಟು: ಗಣಿತ’ ಅಂತ ಬರೆದರೆ ಎಷ್ಟು ಹೊತ್ತು ಕೂರಬೇಕು ಅಂತ ಮಾತ್ರ ಗೊತ್ತಾಗುತ್ತದೆ. ಆರು ಗಂಟೆಗೆ ಕೈ ಏನು ಮಾಡಬೇಕು ಅನ್ನೋದು ಅದರಲ್ಲಿ ಇಲ್ಲ.

ಹದಿನೈದು ವರ್ಷದ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಏಳನೇ ತರಗತಿವರೆಗೆ ಪಾಠ ಕೇಳಿದರೆ ಸಾಕು, ಒಳ್ಳೆಯ ಅಂಕ ಬರುತ್ತಿತ್ತು. ಹಾಗಾಗಿ ಒಂದು ಲೆಕ್ಕದಲ್ಲಿ ಸಿಕ್ಕಿಕೊಂಡು ಒದ್ದಾಡುವ ಅಭ್ಯಾಸವೇ ಆಗಲಿಲ್ಲ. ಈಗ ವರ್ಗಸಮೀಕರಣ ಬಂದಿದೆ. ‘ಎಲ್ಲಿ ನಿಲ್ಲುತ್ತೀಯಮ್ಮ?’ ಅಂತ ಕೇಳಿದೆ. ಪುಸ್ತಕ ತೆಗೆದು ತೋರಿಸಿದಳು. ರೈಲು 300 ಕಿ.ಮೀ. ಹೋಗುತ್ತದೆ, ವೇಗ ಗಂಟೆಗೆ 10 ಕಿ.ಮೀ. ಜಾಸ್ತಿಯಾದರೆ ಒಂದು ಗಂಟೆ ಬೇಗ ತಲುಪುತ್ತದೆ, ಹಾಗಾದರೆ ಮೊದಲಿನ ವೇಗ ಎಷ್ಟು? ‘ನೋಡಿದ ತಕ್ಷಣ ಹೊಳೆಯಲ್ಲ. ಆಗ ಹೊಟ್ಟೆಯಲ್ಲಿ ಏನೋ ಆಗುತ್ತೆ. ಫೋನ್ ತಗೋತೀನಿ’ ಅಂದಳು.

ಇದನ್ನೇ ನಾವು ಸೋಮಾರಿತನ ಅನ್ನುತ್ತಿದ್ದೇವೆ. ಅವಳಿಗೆ ಇರೋದು ಹೆದರಿಕೆ. ಕೂತು ಪ್ರಯತ್ನಪಟ್ಟೂ ಬರದಿದ್ದರೆ ‘ಬುದ್ಧಿವಂತೆ’ ಅನ್ನೋ ಹೆಸರು ಹೋಗುತ್ತದೆ. ಓದದೇ ಕಡಿಮೆ ಅಂಕ ಬಂದರೆ ‘ಓದಿರಲಿಲ್ಲ ಅಷ್ಟೇ’ ಅನ್ನಬಹುದು. ಮುಂದೂಡುವುದರಿಂದ ಅವಳ ಹೆಸರು ಉಳಿಯುತ್ತದೆ. ಹಾಗಾಗಿ ‘ನೀನು ಜಾಣೆ, ಸ್ವಲ್ಪ ಓದಿದರೆ ಸಾಕು’ ಅನ್ನೋ ಮಾತು ಹುರಿದುಂಬಿಸುವುದಕ್ಕಿಂತ ಹೆದರಿಸುವುದೇ ಜಾಸ್ತಿ. 1998ರಲ್ಲಿ ಮನಶ್ಶಾಸ್ತ್ರ ಸಂಶೋಧಕರಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ ಪ್ರಕಟಿಸಿದ ಅಧ್ಯಯನದಲ್ಲಿ, ಜಾಣತನಕ್ಕೆ ಹೊಗಳಿಸಿಕೊಂಡ ಮಕ್ಕಳು ಒಮ್ಮೆ ಎಡವಿದ ಮೇಲೆ, ಶ್ರಮಕ್ಕೆ ಹೊಗಳಿಸಿಕೊಂಡವರಿಗಿಂತ ಬೇಗ ಕೈಬಿಟ್ಟರು. ಎಲ್ಲ ಮಕ್ಕಳಿಗೂ ಇದು ಒಂದೇ ಅಳತೆಯಲ್ಲಿ ಹೊಂದುತ್ತದೆ ಅಂತ ನಾನು ಹೇಳುವುದಿಲ್ಲ. ಇವಳಿಗಂತೂ ಹೊಂದುತ್ತಿತ್ತು.

ಟೈಮ್ ಟೇಬಲ್ ಪಕ್ಕಕ್ಕಿಟ್ಟು ಒಂದೇ ವಾಕ್ಯ ಬರೆಸಿದೆ: ‘ಸಂಜೆ ಮುಖ ತೊಳೆದು ಬಂದ ತಕ್ಷಣ ಮೇಜಿನ ಹತ್ತಿರ ಕೂತು, ನಿನ್ನೆ ನಿಂತ ಲೆಕ್ಕದಲ್ಲಿ ಕೊಟ್ಟಿರುವುದನ್ನು ಹಾಳೆಗೆ ಇಳಿಸುತ್ತೇನೆ.’ ಬಿಡಿಸಲೇಬೇಕು ಅಂತಿಲ್ಲ. ಮೊದಲಿನ ವೇಗ x, ಹೆಚ್ಚಿದ ವೇಗ x + 10, ದೂರ 300. ಹತ್ತು ನಿಮಿಷ ಇದ್ದು ಎದ್ದುಹೋಗಬಹುದು. ಫೋನ್ ಮಾತ್ರ ಬೇರೆ ಕೋಣೆಯಲ್ಲಿರಬೇಕು. ‘ಇಂಥದ್ದು ಆದ ತಕ್ಷಣ ಇಂಥದ್ದು ಮಾಡುತ್ತೇನೆ’ ಅನ್ನೋ ಈ ಬಗೆಯ ಯೋಜನೆಯನ್ನು ಪೀಟರ್ ಗೋಲ್‌ವಿಟ್ಜರ್ ಅನ್ನೋ ಮನಶ್ಶಾಸ್ತ್ರಜ್ಞ ವಿವರವಾಗಿ ಅಧ್ಯಯನ ಮಾಡಿದ್ದಾರೆ. ‘ಚೆನ್ನಾಗಿ ಓದುತ್ತೇನೆ’ ಅನ್ನೋ ಬರೀ ಸಂಕಲ್ಪಕ್ಕಿಂತ ಇದು ಹೆಚ್ಚು ಸಲ ಕೆಲಸಕ್ಕೆ ಬರುತ್ತದೆ. ಕೂತ ಮೇಲೆ ‘ಈಗೇನು ಮಾಡಲಿ’ ಅಂತ ಯೋಚಿಸುವ ಕೆಲಸ ಉಳಿಯುವುದಿಲ್ಲ, ಅಲ್ವಾ?

ಹಾಳೆಗೆ ಅಷ್ಟು ಇಳಿಸಿದ ಮೇಲೆ 300/x − 300/(x + 10) = 1 ಅಂತ ಬರೆಯಲು ಅವಳಿಗೆ ಯಾರ ಸಹಾಯವೂ ಬೇಕಾಗಲಿಲ್ಲ. ಉತ್ತರ 50 ಬಂತು. ಹತ್ತು ನಿಮಿಷಕ್ಕೆ ಎದ್ದುಹೋದ ದಿನಗಳೂ ಇದ್ದವು. ಅದನ್ನು ಸೋಲು ಅಂತ ಲೆಕ್ಕ ಹಾಕಬೇಡಿ ಅಂತ ಅಮ್ಮನಿಗೆ ಮತ್ತೆ ಮತ್ತೆ ಹೇಳಬೇಕಾಯಿತು.

ಕೂರುವುದು ರೂಢಿಯಾದ ಮೇಲೆ ಎರಡನೇ ಕೆಲಸ ಕೊಟ್ಟೆ. ಪುಸ್ತಕದ ಒಂದು ಅಭ್ಯಾಸಕ್ಕೆ ಎಷ್ಟು ಹೊತ್ತು ಬೇಕು ಅಂತ ಮೊದಲೇ ಅಂದಾಜು ಬರೆದಿಟ್ಟು, ಮುಗಿದ ಮೇಲೆ ನಿಜವಾಗಿ ಹಿಡಿದ ಹೊತ್ತನ್ನು ಪಕ್ಕದಲ್ಲಿ ಬರೆಯುವುದು. ಅರ್ಧ ಗಂಟೆ ಅಂದುಕೊಂಡದ್ದು ಒಂದು ಗಂಟೆ ಮೀರುತ್ತಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ಎಲ್ಲ ಮುಗಿಸಬಹುದು ಅಂತ ಅವಳು ನಂಬಿದ್ದು ಸುಳ್ಳಾಡಿದ್ದಲ್ಲ, ಅವಳ ಅಂದಾಜೇ ಹಾಗಿತ್ತು. ಒಂದು ವಾರದ ಪಟ್ಟಿ ಕಣ್ಣಮುಂದೆ ಬಂದ ಮೇಲೆ ಭಾನುವಾರದ ಯೋಜನೆಯನ್ನು ಅವಳೇ ಅರ್ಧಕ್ಕೆ ಇಳಿಸಿದಳು. ಯಾರೂ ಉಪದೇಶ ಮಾಡಬೇಕಾಗಲಿಲ್ಲ.

ಅಪ್ಪ ಅಮ್ಮನ ಪಾಲಿನ ಕೆಲಸ ಸಣ್ಣದು. ‘ಓದಿದೆಯಾ?’ ಅಂತ ಗಂಟೆಗೊಮ್ಮೆ ಕೇಳುವುದನ್ನು ಬಿಡಿ. ಮಗುವೇ ಒಪ್ಪಿದ ಒಂದು ಹೊತ್ತಿನಲ್ಲಿ ‘ಇವತ್ತು ಯಾವುದರಿಂದ ಶುರು ಮಾಡ್ತೀಯ?’ ಅಂತ ಒಂದೇ ಸಲ ಕೇಳಿ. ತಪ್ಪಿದ ದಿನದ ಪಾಠವನ್ನು ಮರುದಿನದ ಮೇಲೆ ಹೇರಬೇಡಿ. ಹಾಗೆ ಹೇರಿದರೆ ಮೂರನೇ ದಿನಕ್ಕೆ ರಾಶಿ ನೋಡಿಯೇ ಮಗು ಎದ್ದುಹೋಗುತ್ತದೆ.

ಇದೆಲ್ಲ ಎಲ್ಲರಿಗೂ ಸಾಲುವುದಿಲ್ಲ. ಚಿಕ್ಕಂದಿನಿಂದಲೂ ಮನೆ, ಶಾಲೆ ಎರಡೂ ಕಡೆ ಗಮನ ನಿಲ್ಲದಿದ್ದರೆ ಎಡಿಎಚ್‌ಡಿ ಅನ್ನೋ ಗಮನದ ತೊಂದರೆ ಇದೆಯೇ ಅಂತ ಪರೀಕ್ಷೆ ಮಾಡಿಸಿ. ಇಷ್ಟದ ಆಟವೂ ಬೇಡವಾಗಿದ್ದರೆ, ನಿದ್ದೆ ಕೆಟ್ಟಿದ್ದರೆ, ಎರಡು ವಾರಕ್ಕಿಂತ ಜಾಸ್ತಿ ಮಂಕಾಗಿದ್ದರೆ ಓದಿನ ಮಾತು ಪಕ್ಕಕ್ಕಿಟ್ಟು ಮೊದಲು ಮಗುವನ್ನು ಕರೆದುಕೊಂಡು ಬನ್ನಿ. ಟೈಮ್ ಟೇಬಲ್ ತರಬೇಕಾಗಿಲ್ಲ.