ಕಣ್ಣಿಗೆ ಬೇಕಾದ ಹರಿತ ಕೆನ್ನೆಗೆ ಬೇಡ

ಭಾವಚಿತ್ರ ತಿದ್ದುವವರು ಮತ್ತೆ ಮತ್ತೆ ಮಾಡುವ ತಪ್ಪೊಂದಿದೆ. ಕಣ್ಣು ಸ್ವಲ್ಪ ಮಸುಕಾಗಿ ಕಂಡಿತೆಂದು ಇಡೀ ಚಿತ್ರಕ್ಕೇ ಶಾರ್ಪನಿಂಗ್ ಹಾಕಿಬಿಡುತ್ತಾರೆ. ರೆಪ್ಪೆಗೂದಲು ಎದ್ದು ಕಾಣುತ್ತದೆ, ನಿಜ. ಅದರ ಜೊತೆಗೇ ಕೆನ್ನೆಯ ರಂಧ್ರಗಳೂ ಹಿನ್ನೆಲೆಯ ಕಾಳುಕಾಳಾದ ನಾಯ್ಸೂ ಎದ್ದು ಬರುತ್ತವೆ. ಶಾರ್ಪನಿಂಗ್ ಹೊಸ ವಿವರವನ್ನೇನೂ ಹುಟ್ಟಿಸುವುದಿಲ್ಲ. ಅಂಚಿನ ಬೆಳಕಿನ ಬದಿಯನ್ನು ಇನ್ನಷ್ಟು ಬೆಳಗಿಸಿ, ಕಪ್ಪು ಬದಿಯನ್ನು ಇನ್ನಷ್ಟು ಕಪ್ಪಾಗಿಸುತ್ತದೆ, ಅಷ್ಟೆ. ಆ ಅಂಚು ರೆಪ್ಪೆಯದೋ ಮೊಡವೆಯದೋ ಅದಕ್ಕೆ ಗೊತ್ತಾಗದು. ಅದನ್ನು ಮಾಸ್ಕ್ ಮೂಲಕ ನಾವೇ ಹೇಳಬೇಕು: ಮಾಸ್ಕ್ ಬಿಳಿ ಇದ್ದಲ್ಲಿ ಪರಿಣಾಮ ಕಾಣುತ್ತದೆ, ಕಪ್ಪು ಇದ್ದಲ್ಲಿ ಮರೆಯಾಗುತ್ತದೆ.

ಸುಮಾರು 24 ಮೆಗಾಪಿಕ್ಸೆಲ್‌ನ, ಎದೆಮಟ್ಟದ ಒಂದು ಚಿತ್ರವಿದೆ ಎನ್ನಿ: ಉಣ್ಣೆಯ ಕೋಟು, ಭುಜಕ್ಕೆ ಇಳಿದ ಕೂದಲು. ಫೋಟೋಶಾಪ್‌ನಲ್ಲಿ ಚರ್ಮದ ಕೆಲಸವೆಲ್ಲ ಮುಗಿದ ಮೇಲೆ Ctrl+Alt+Shift+E ಒತ್ತಿ ಎಲ್ಲವನ್ನೂ ಒಂದು ಹೊಸ ಲೇಯರ್‌ಗೆ ತನ್ನಿ. ಅದಕ್ಕೆ Unsharp Mask ಹಾಕಿ: Amount 120, Radius 1.2, Threshold 2 ಇಂದ ಶುರುಮಾಡಬಹುದು. ಅಂಚಿನಲ್ಲಿ ಬಣ್ಣದ ಗೆರೆ ಏಳದಂತೆ ಬ್ಲೆಂಡ್ ಮೋಡ್ Luminosity ಇರಲಿ. Alt ಹಿಡಿದು ಮಾಸ್ಕ್ ಗುರುತನ್ನು ಒತ್ತಿದರೆ ಕಪ್ಪು ಮಾಸ್ಕ್ ಬಂದು ಪರಿಣಾಮ ಪೂರ್ತಿ ಮರೆಯಾಗುತ್ತದೆ.

ಈಗ ಮೆತ್ತನೆ ಅಂಚಿನ ಬಿಳಿ ಬ್ರಷ್, Flow 20. ಇಲ್ಲೇ ಬಹಳ ಜನ ಎಡವುವುದು: ಕಣ್ಣಿನ ಮೇಲೆಲ್ಲ ಒಂದು ದೊಡ್ಡ ಚುಕ್ಕೆ ಬಳಿದು ಮುಗಿಸುತ್ತಾರೆ. ಆಗ ಬಿಳಿಗುಡ್ಡೆಯ ಕೆಂಪು ನರಗಳೂ ಕೆಳರೆಪ್ಪೆಯಡಿಯ ಸುಕ್ಕುಗಳೂ ಹರಿತವಾಗಿ, ನಿದ್ದೆಗೆಟ್ಟವರ ಮುಖವಾಗುತ್ತದೆ. ಬಳಿಯಬೇಕಾದದ್ದು ಪಾಪೆಯ ಸುತ್ತಲಿನ ಬಣ್ಣದ ಭಾಗ, ಅದರ ಕಪ್ಪು ಅಂಚು, ರೆಪ್ಪೆಗೂದಲು, ಹುಬ್ಬು ಮಾತ್ರ. ಮುಗಿದ ಮೇಲೆ Alt ಹಿಡಿದು ಮಾಸ್ಕ್ ಮೇಲೆ ಒತ್ತಿ ನೋಡಿ. ಬಿಳಿ ಕೆನ್ನೆಗೆ ಹರಡಿದ್ದರೆ ಕಪ್ಪಿನಿಂದ ಅಳಿಸಿ.

ಕೂದಲಿಗೆ ಬೇರೆಯೇ ಲೇಯರ್ ಬೇಕು. ಎಳೆ ಸಣ್ಣದಾದ್ದರಿಂದ Radius 0.7 ಸಾಕು. ಬ್ರಷ್ ಎಳೆಗಳ ಜಾಡಿನಲ್ಲೇ ಸಾಗಲಿ. ಬೆಳಕಿನ ಹಿನ್ನೆಲೆಗೆ ತಾಗುವ ಹೊರ ಅಂಚಿಗಿಂತ ಸ್ವಲ್ಪ ಒಳಗೇ ನಿಲ್ಲಿಸಿ, ಇಲ್ಲದಿದ್ದರೆ ತಲೆಯ ಸುತ್ತ ಬಿಳಿ ಗೆರೆ ಮೂಡುತ್ತದೆ. ಕೋಟಿನ ನೇಯ್ಗೆಗೆ Radius 0.5, Amount 80ರ ಆಸುಪಾಸು. ಬಟ್ಟೆಯಲ್ಲಿ ಮೊದಲೇ ಮೊಯರೆ, ಅಂದರೆ ನೇಯ್ಗೆಯಲ್ಲಿಲ್ಲದ ಅಲೆಅಲೆ ಗೆರೆಗಳು, ಇದ್ದರೆ ಆ ಜಾಗಕ್ಕೆ ಕೈ ಹಾಕಬೇಡಿ, ಅದು ಇನ್ನೂ ಕೆರಳುತ್ತದೆ. ಇದನ್ನೆಲ್ಲ 100% ನೋಟದಲ್ಲೇ ಅಳೆಯಿರಿ. ಕುಗ್ಗಿಸಿದ ನೋಟದಲ್ಲಿ ಇಲ್ಲದ ಮೊಯರೆಯೂ ಕಂಡೀತು.

ಮುಖ ಓರೆಯಾಗಿದ್ದು ಆಚೆ ಕಣ್ಣು ಫೋಕಸ್ ತಪ್ಪಿದ್ದರೆ ಅದನ್ನು ಹಾಗೇ ಬಿಡಿ. ಎರಡನ್ನೂ ಸಮ ಮಾಡಹೊರಟರೆ ಮಸುಕಿನ ಸುತ್ತ ಗಡುಸಾದ ಗೆರೆ ಬರುತ್ತದೆಯೇ ಹೊರತು ಕಣ್ಣು ತಿಳಿಯಾಗದು. ಚಿತ್ರವನ್ನು ಆಮೇಲೆ ಚಿಕ್ಕದು ಮಾಡಿದರೆ ಈ ಹರಿತ ಒಂದಿಷ್ಟು ಕರಗುತ್ತದೆ. ಆ ಪ್ರತಿಗೆ ಇದೇ ಮಾಸ್ಕ್‌ಗಳನ್ನು ಬಳಸಿ, Radius 0.3ರಷ್ಟರಲ್ಲಿ ಇನ್ನೊಮ್ಮೆ ಹಗುರವಾಗಿ ಹಾಕಿದರಾಯಿತು.